ಕರಾರು ಆಗಿದೆ, ಖರೀದಿ ಪತ್ರ ಆಗಿಲ್ಲ: ಕೊಟ್ಟ ಸಂಚಕಾರದ ಗತಿಯೇನು?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಶಿಕ್ಷಕಿ. ಗೋಕರ್ಣದ ಹತ್ತಿರ 6 ಗುಂಟೆ ಜಾಗವನ್ನು, ಅದರಲ್ಲಿರುವ ಹಳೆಯ ಹಂಚಿನ ಮನೆ ಸಮೇತ, 22 ಲಕ್ಷ ರೂಪಾಯಿಗೆ ಕೊಳ್ಳಲು 2025ರ ಜನವರಿ 10ರಂದು 200 ರೂಪಾಯಿಯ ಬಾಂಡ್ ಕಾಗದದ ಮೇಲೆ ಕರಾರು ಮಾಡಿಕೊಂಡೆ. ನೋಂದಣಿ ಮಾಡಿಸಲಿಲ್ಲ. 4 ಲಕ್ಷ ಸಂಚಕಾರ ಕೊಟ್ಟೆ. 3 ಲಕ್ಷ ಬ್ಯಾಂಕಿನಿಂದ, 1 ಲಕ್ಷ ನಗದು. ಜುಲೈ 9ರೊಳಗೆ ಖರೀದಿ ಪತ್ರ ಮಾಡಿಕೊಡಬೇಕಿತ್ತು. ಜೂನ್‌ನಲ್ಲಿ ಕೇಳಿದಾಗ ಮಾರುವವರು ಮಳೆ ಮುಗಿಯಲಿ ಎಂದು ಮೆಸೇಜ್ ಮಾಡಿದರು. ಈಗ ಮುಂಬೈಯಲ್ಲಿರುವ ತಂಗಿ ಒಪ್ಪುತ್ತಿಲ್ಲ ಎನ್ನುತ್ತಾರೆ. ಬೇರೆಯವರು 30 ಲಕ್ಷಕ್ಕೆ ಕೇಳಿದ್ದಾರೆಂದು ದಲ್ಲಾಳಿ ಹೇಳುತ್ತಾನೆ. ಕಳೆದ ವಾರ ಅವರು ನನ್ನನ್ನು ಕೇಳದೆಯೇ 3 ಲಕ್ಷವನ್ನು ನನ್ನ ಖಾತೆಗೆ ಹಾಕಿ, ‘ವ್ಯವಹಾರ ಮುಗಿಯಿತು, ನಗದಿಗೆ ದಾಖಲೆ ಇಲ್ಲ, ಕರಾರು ನೋಂದಣಿಯೂ ಆಗಿಲ್ಲ’ ಎಂದಿದ್ದಾರೆ. ಕರಾರಿನಲ್ಲಿ 4 ಲಕ್ಷ ಮುಟ್ಟಿದೆ ಎಂದು ಅವರೇ ಸಹಿ ಮಾಡಿದ್ದಾರೆ. ಮಾರುವವರು ತಪ್ಪಿದರೆ ಎರಡು ಪಟ್ಟು ಕೊಡಬೇಕೆಂಬ ಕಾನೂನು ಇದೆಯಂತೆ, ಹೌದೇ? ಪೊಲೀಸರಿಗೆ ದೂರು ಕೊಡಲೇ?

ಉತ್ತರ: ಉಳಿದ ಪ್ರಶ್ನೆಗಳು ಒಂದೆರಡು ವಾರ ಕಾಯಬಹುದು. ಆದರೆ ನಿಮ್ಮ ಖಾತೆಗೆ ಬಂದು ಕುಳಿತಿರುವ 3 ಲಕ್ಷದ ಬಗ್ಗೆ ಈ ವಾರವೇ ನಿರ್ಧಾರ ಮಾಡಬೇಕು. ಆ ಹಣವನ್ನು ಖರ್ಚು ಮಾಡಬೇಡಿ, ಏನೂ ಹೇಳದೆ ಸುಮ್ಮನೆಯೂ ಇರಬೇಡಿ. ಮಾರುವವರು ಕರಾರು ರದ್ದಾಯಿತೆಂದು ಹೇಳಿ ಹಣ ಮರಳಿಸಿದಾಗ ಕೊಳ್ಳುವವರು ಅದನ್ನು ಇಟ್ಟುಕೊಂಡರೆ, ರದ್ದತಿಯನ್ನು ಒಪ್ಪಿಕೊಂಡರು ಎಂದು ಅರ್ಥ ಮಾಡಲು ನ್ಯಾಯಾಲಯಕ್ಕೆ ಅವಕಾಶ ಸಿಗುತ್ತದೆ. 2025ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ, ಮಾರುವವರು ವಾಪಸು ಕಳಿಸಿದ ಡ್ರಾಫ್ಟ್‌ಗಳನ್ನು ಕೊಳ್ಳುವವರು ನಗದಾಗಿಸಿಕೊಂಡದ್ದೇ ಅವರ ದಾವೆಗೆ ಮುಳುವಾಯಿತು. ಆಸ್ತಿ ಬೇಕು ಎಂದು ಹೇಳುತ್ತಲೇ ಹಣ ತೆಗೆದುಕೊಂಡವರಿಗೆ ಆಸ್ತಿ ಕೊಳ್ಳುವ ಮನಸ್ಸಿತ್ತೆಂದು ನಂಬುವುದು ಹೇಗೆ ಎಂಬುದು ಅಲ್ಲಿನ ತರ್ಕ.

ಆದ್ದರಿಂದ ನಿಮಗೆ ಜಾಗವೇ ಬೇಕೆಂದಿದ್ದರೆ 3 ಲಕ್ಷವನ್ನು ಅದು ಬಂದ ಖಾತೆಗೇ ಬ್ಯಾಂಕ್ ಮೂಲಕ ಹಿಂದಿರುಗಿಸಿ. ರದ್ದತಿಯನ್ನು ನೀವು ಒಪ್ಪಿಲ್ಲವೆಂದೂ ಖರೀದಿ ಪತ್ರಕ್ಕೆ ಸಿದ್ಧರಿದ್ದೀರೆಂದೂ ಅದೇ ದಿನ ನೋಂದಾಯಿತ ಅಂಚೆಯಲ್ಲಿ ತಿಳಿಸಿ. ಜಾಗದ ಆಸೆ ಬಿಟ್ಟು ಹಣ ಪಡೆದರೆ ಸಾಕು ಎಂದಿದ್ದರೆ ಹಣ ನಿಮ್ಮಲ್ಲೇ ಇರಲಿ. ಆದರೆ ಅದು ಬಾಕಿಯ ಒಂದು ಭಾಗ ಮಾತ್ರ, ಉಳಿದ 1 ಲಕ್ಷ, ಬಡ್ಡಿ ಮತ್ತು ನಷ್ಟ ಇನ್ನೂ ಬರಬೇಕಿದೆ ಎಂದು ಬರೆದು ಕಳಿಸಿ. ಇವೆರಡರಲ್ಲಿ ಯಾವುದನ್ನು ಆರಿಸಬೇಕು ಎಂಬುದಕ್ಕೆ ನಿಮ್ಮ ಕೈಯಲ್ಲಿರುವ ಕಾಗದ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದು ಮೊದಲು ತಿಳಿಯಬೇಕು.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಇದನ್ನು ನೇರವಾಗಿ ಹೇಳುತ್ತದೆ: ಮಾರಾಟದ ಕರಾರು ಮಾತ್ರದಿಂದ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಇಂಥ ದಿನದೊಳಗೆ ಇಷ್ಟು ಬೆಲೆಗೆ ಮಾರುತ್ತೇನೆ ಎಂಬ ವಚನವಷ್ಟೇ ಅದರಲ್ಲಿ ಇರುತ್ತದೆ. ಸಂಚಕಾರ ಪತ್ರ, ಕ್ರಯದ ಕರಾರು, ಖರೀದಿ ಕರಾರು ಎಂದು ಊರಿಗೊಂದು ಹೆಸರಿದ್ದರೂ ಇದರ ಬಲ ಒಂದೇ: ವಚನ ಕೊಟ್ಟ ವ್ಯಕ್ತಿಯನ್ನು ಅದಕ್ಕೆ ಕಟ್ಟಿಹಾಕುವ ಹಕ್ಕು. ಖರೀದಿ ಪತ್ರದಲ್ಲಿ ಮಾರಾಟವೇ ನಡೆದುಹೋಗುತ್ತದೆ. ಉಪ ನೋಂದಣಾಧಿಕಾರಿಯ ಕಚೇರಿಯಲ್ಲಿ ಅದು ನೋಂದಣಿಯಾದರೆ ಒಡೆತನ ನಿಮ್ಮದು. ಪಹಣಿಯಲ್ಲೋ ಪಂಚಾಯತಿಯ ಖಾತೆಯಲ್ಲೋ ಹೆಸರು ಬದಲಾಗುವುದು ಆ ನಂತರದ ಕೆಲಸ. ಹೀಗಾಗಿ ಕಾನೂನಿನ ಕಣ್ಣಿನಲ್ಲಿ ಗೋಕರ್ಣದ ಆ ಜಾಗ ಇಂದಿಗೂ ಮಾರುವವರದೇ. ನಿಮಗಿರುವುದು ಅವರ ಮೇಲಿನ ಹಕ್ಕು.

ಆ ಹಕ್ಕು ನೋಂದಣಿಯಿಲ್ಲದ್ದರಿಂದ ಸತ್ತುಹೋಗಿದೆ ಎಂಬ ಅವರ ಮಾತು ಮಾತ್ರ ತಪ್ಪು. ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಖರೀದಿ ಪತ್ರಕ್ಕೆ ನೋಂದಣಿ ಕಡ್ಡಾಯ, ನಿಜ. ಆದರೆ ಸ್ವಾಧೀನ ಬಿಟ್ಟುಕೊಡದ ಕರಾರು ನೋಂದಣಿಯಾಗದಿದ್ದರೂ, ಅದನ್ನು ಜಾರಿಗೊಳಿಸಿ ಎಂದು ಕೇಳುವ ದಾವೆಯಲ್ಲಿ ಪುರಾವೆಯಾಗಿ ಹಾಜರುಪಡಿಸಬಹುದು. 1908ರ ನೋಂದಣಿ ಕಾಯ್ದೆಯ 49ನೇ ಕಲಮಿನಲ್ಲೇ ಈ ವಿನಾಯಿತಿ ಇದೆ. ನೋಂದಣಿ ಮಾಡಿಸದೆ ನೀವು ಕಳೆದುಕೊಂಡದ್ದು ಬೇರೆಯೇ ರಕ್ಷಣೆ. ನೋಂದಣಿಯಾಗಿದ್ದರೆ ಕರಾರು ಋಣಭಾರ ಪ್ರಮಾಣಪತ್ರದಲ್ಲಿ ಕಾಣುತ್ತಿತ್ತು. ಆಗ 30 ಲಕ್ಷದ ಗಿರಾಕಿ ‘ನನಗೆ ಗೊತ್ತಿರಲಿಲ್ಲ’ ಎನ್ನುವಂತಿರಲಿಲ್ಲ. ಈಗ ಆ ಮಾತಿಗೆ ಎಡೆಯಿದೆ. ಹಿಂದಿನ ಕರಾರಿನ ಅರಿವಿಲ್ಲದೆ, ಪ್ರಾಮಾಣಿಕವಾಗಿ, ಪೂರ್ತಿ ಬೆಲೆ ಕೊಟ್ಟು ಕೊಂಡವರನ್ನು ನಿರ್ದಿಷ್ಟ ಪರಿಹಾರ ಕಾಯ್ದೆಯ 19ನೇ ಕಲಂ ಕಾಪಾಡುತ್ತದೆ. ನಿಮ್ಮ ಕರಾರಿನ ಸುದ್ದಿ ಆ ಗಿರಾಕಿಗೆ ಮುಟ್ಟಬೇಕಾದ್ದು ಇದಕ್ಕಾಗಿ. ದಲ್ಲಾಳಿಯಿಂದ ಹೆಸರು ಸಿಕ್ಕರೆ ಅವರಿಗೇ ನೋಟಿಸ್ ಕಳಿಸಿ, ಸಿಗದಿದ್ದರೆ ಜಿಲ್ಲೆಯಲ್ಲಿ ಜನ ಓದುವ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿ. ಉಪ ನೋಂದಣಾಧಿಕಾರಿಗೆ ತಕರಾರು ಅರ್ಜಿ ಕೊಟ್ಟರೆ ಸಾಕು, ಮಾರಾಟ ನಿಲ್ಲುತ್ತದೆ ಎಂದು ಅನೇಕರು ನಂಬಿದ್ದಾರೆ. ನ್ಯಾಯಾಲಯದ ಆದೇಶವಿಲ್ಲದೆ ಕೇವಲ ನಿಮ್ಮ ಅರ್ಜಿಯ ಮೇಲೆ ಅವರು ನೋಂದಣಿಯನ್ನು ತಡೆಯುವುದಿಲ್ಲ.

ನಿಮ್ಮ ಕಾಗದಕ್ಕೆ ಇನ್ನೊಂದು ಕೊರತೆಯಿದೆ, ಅದು ಮುದ್ರಾಂಕ ಶುಲ್ಕದ್ದು. ಬಾಂಡ್ ಕಾಗದ 200 ರೂಪಾಯಿಯದಾದರೆ ಆಯಿತು ಎಂಬ ರೂಢಿಗೂ ಕಾನೂನಿಗೂ ಸಂಬಂಧವಿಲ್ಲ. 22 ಲಕ್ಷದ ಕರಾರಿಗೆ ಕಟ್ಟಬೇಕಾದ ಶುಲ್ಕ ಅದಕ್ಕಿಂತ ಹೆಚ್ಚು. ಕೊರತೆಯಿರುವ ಪತ್ರ ನ್ಯಾಯಾಲಯಕ್ಕೆ ಹೋದರೆ ಕೊರತೆಯ ಮೊತ್ತವನ್ನೂ, ಕರ್ನಾಟಕ ಮುದ್ರಾಂಕ ಕಾಯ್ದೆಯಂತೆ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿದ ಮೇಲೆಯೇ ಅದು ಪುರಾವೆಯಾಗುತ್ತದೆ. ಸ್ವಾಧೀನ ಕೊಡದ ಕರಾರಿಗೆ ಇದು ತಡೆದುಕೊಳ್ಳಬಹುದಾದ ಮೊತ್ತ. ಆದರೆ ‘ಸ್ವಾಧೀನ ಕೊಡಲಾಗಿದೆ’ ಎಂಬ ಒಂದು ಸಾಲು ಕರಾರಿನಲ್ಲಿದ್ದರೆ ಲೆಕ್ಕವೇ ಬೇರೆ. ಆಗ ಶುಲ್ಕವನ್ನು ಖರೀದಿ ಪತ್ರದ ದರದಲ್ಲೇ ಎಣಿಸುತ್ತಾರೆ. 22 ಲಕ್ಷಕ್ಕೆ ಶೇಕಡಾ 5ರಂತೆ 1 ಲಕ್ಷ 10 ಸಾವಿರ, ದಂಡ ಸುಮಾರು 11 ಲಕ್ಷ. ಟೈಪಿಂಗ್ ಅಂಗಡಿಯಲ್ಲಿ ಹಳೆಯ ಮಾದರಿಯನ್ನು ನಕಲು ಮಾಡುವಾಗ ಈ ಸಾಲು ಯಾರ ಗಮನಕ್ಕೂ ಬಾರದೆ ಸೇರಿಕೊಂಡಿರುತ್ತದೆ. ಕರಾರನ್ನು ಇವತ್ತೇ ತೆಗೆದು ಸಾಲು ಸಾಲಾಗಿ ಓದಿ. ಅಂಥ ಮಾತು ಕಂಡರೆ ಅದನ್ನು ವಕೀಲರಿಗೆ ಮೊದಲೇ ತೋರಿಸಿ, ದಾವೆಯ ಸ್ವರೂಪವನ್ನು ಅದಕ್ಕೆ ತಕ್ಕಂತೆ ಯೋಚಿಸಬೇಕಾಗುತ್ತದೆ.

ಈಗ ತಂಗಿಯ ವಿಷಯ. ನಿಮ್ಮ ಪ್ರಕರಣದ ತಿರುವು ಇರುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ನಮ್ಮ ಕರಾವಳಿಯ ಹಾಗೂ ಘಟ್ಟದ ಮೇಲಿನ ಬಹಳಷ್ಟು ಜಾಗಗಳ ಪಹಣಿಯಲ್ಲಿ ಊರಿನಲ್ಲಿ ಉಳಿದ ಮಗನ ಹೆಸರು ಮಾತ್ರ ಇರುತ್ತದೆ. ತಂದೆ ತೀರಿಕೊಂಡ ಮೇಲೆ ವಾರಸಾ ದಾಖಲೆ ಮಾಡಿಸುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟುಬಿಟ್ಟಿರುತ್ತಾರೆ. ಕೊಳ್ಳುವವರು ಆ ಒಂದು ಹೆಸರನ್ನು ನಂಬುತ್ತಾರೆ. ಪಹಣಿ ಕಂದಾಯದ ದಾಖಲೆಯೇ ಹೊರತು ಅದರಲ್ಲಿ ಹೆಸರಿಲ್ಲದ ಮಾತ್ರಕ್ಕೆ ವಾರಸುದಾರರ ಪಾಲು ಹೋಗುವುದಿಲ್ಲ. ಆದ್ದರಿಂದ ಆ ಜಾಗ ನಿಮ್ಮ ಮಾರಾಟಗಾರರಿಗೆ ಹೇಗೆ ಬಂತು ಎಂದು ತಿಳಿದುಕೊಳ್ಳಿ. ಅವರೇ ಕೊಂಡದ್ದಾಗಿದ್ದರೆ, ಅಥವಾ ನೋಂದಾಯಿತ ವಿಭಾಗ ಪತ್ರದಲ್ಲಿ ಅವರ ಪಾಲಿಗೆ ಬಂದಿದ್ದರೆ, ತಂಗಿಯ ಒಪ್ಪಿಗೆ ಎಂಬುದು ನೆಪ, 30 ಲಕ್ಷವೇ ಕಾರಣ. ತಂದೆ ಉಯಿಲು ಬರೆಯದೆ ತೀರಿಕೊಂಡು, ತಾಯಿಯೂ ಇಲ್ಲದೆ, ಮಕ್ಕಳು ಇವರಿಬ್ಬರೇ ಆಗಿದ್ದರೆ ಹಿಂದೂ ಕುಟುಂಬದಲ್ಲಿ ಅರ್ಧ ಪಾಲು ತಂಗಿಯದು. ಮ್ಯುಟೇಶನ್ ನಮೂದುಗಳ ಹಳೆಯ ನಕಲುಗಳನ್ನು ಕುಮಟಾದ ತಹಶೀಲ್ದಾರರ ಕಚೇರಿಯಿಂದ ಪಡೆದರೆ ಸರಪಳಿ ತಿಳಿಯುತ್ತದೆ. ಋಣಭಾರ ಪ್ರಮಾಣಪತ್ರವನ್ನು ಕಾವೇರಿ ಜಾಲತಾಣದಿಂದ ತೆಗೆಯಬಹುದು. ಹೊಸ ಗಿರಾಕಿಯ ಹೆಸರಿನಲ್ಲಿ ಏನಾದರೂ ನೋಂದಣಿಯಾಗಿದೆಯೇ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ.

ತಂಗಿಗೆ ನಿಜವಾಗಿ ಪಾಲಿದ್ದು ಆಕೆ ಕರಾರಿಗೆ ಸಹಿ ಹಾಕಿಲ್ಲದಿದ್ದರೆ, ಯಾವ ನ್ಯಾಯಾಲಯವೂ ಆಕೆಯಿಂದ ಖರೀದಿ ಪತ್ರ ಬರೆಸಿಕೊಡುವುದಿಲ್ಲ. ಅಣ್ಣನ ಪಾಲಿನ ಮಟ್ಟಿಗೆ ಕೊಡಿಸಿ ಎಂದು ಕೇಳುವ ದಾರಿ ಇದೆ. ಆದರೆ ಆ ದಾರಿಯ ಕೊನೆಯಲ್ಲಿ ಏನಿದೆ ನೋಡಿ. ಅದು ವಿಭಾಗವಾಗದ ಕುಟುಂಬದ ವಾಸದ ಮನೆಯಾಗಿದ್ದರೆ, ಒಂದು ಪಾಲನ್ನು ಕೊಂಡ ಹೊರಗಿನವರು ಮನೆಯೊಳಗೆ ಜೊತೆಯಲ್ಲಿ ವಾಸಿಸುವ ಹಕ್ಕು ಪಡೆಯುವುದಿಲ್ಲ ಎನ್ನುತ್ತದೆ ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಂ. ನೀವು ಪಾಲು ಮಾಡಿಕೊಡಿ ಎಂದು ದಾವೆ ಹೂಡಬೇಕು, ಹೂಡಿದರೆ ನಿಮ್ಮ ಪಾಲನ್ನು ತಾನೇ ಬೆಲೆ ಕೊಟ್ಟು ಕೊಳ್ಳುತ್ತೇನೆ ಎನ್ನುವ ಹಕ್ಕು ತಂಗಿಗೆ ಇದೆ. ಮೊದಲ ದಾವೆಯನ್ನು ಗೆದ್ದ ಮೇಲೆ ಎರಡನೆಯದರಲ್ಲಿ ಜಾಗ ಬಿಟ್ಟು ಹಣ ಪಡೆದು ಹೊರಬರುವ ಸಾಧ್ಯತೆಯೇ ಹೆಚ್ಚು.

ತಂಗಿಯ ಮಾತು ಬರೀ ನೆಪ ಎಂದು ದಾಖಲೆಗಳಿಂದ ಗೊತ್ತಾದರೆ ಆಗ ಜಾಗಕ್ಕಾಗಿ ಹೋರಾಡುವುದಕ್ಕೆ ಅರ್ಥವಿದೆ. ಇದಕ್ಕೆ ಕರಾರಿನ ನಿರ್ದಿಷ್ಟ ಪಾಲನೆಯ ದಾವೆ ಎನ್ನುತ್ತಾರೆ. 2018ರ ಅಕ್ಟೋಬರ್ 1ಕ್ಕೆ ಜಾರಿಗೆ ಬಂದ ತಿದ್ದುಪಡಿಯ ನಂತರ ಇಂಥ ಕರಾರನ್ನು ಜಾರಿಗೊಳಿಸುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ವಿಷಯವಾಗಿ ಉಳಿದಿಲ್ಲ. ಹಾಗೆಂದು ನಿಮ್ಮ ಹೊರೆ ಇಳಿದಿಲ್ಲ. ಕರಾರಿನ ದಿನದಿಂದ ತೀರ್ಪಿನ ದಿನದವರೆಗೂ ಹಣ ಕೊಡಲು ನೀವು ಸಿದ್ಧರಿದ್ದಿರಿ, ಮನಸ್ಸೂ ಇತ್ತು ಎಂಬುದನ್ನು ನೀವೇ ರುಜುವಾತುಪಡಿಸಬೇಕು. ನಾನು ಕಂಡಂತೆ ಈ ದಾವೆಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಉಳಿದ 18 ಲಕ್ಷ ಎಲ್ಲಿಂದ ಬರುತ್ತಿತ್ತು? ಠೇವಣಿ ಇದ್ದರೆ ಬ್ಯಾಂಕಿನ ಹೇಳಿಕೆ, ಸಾಲವಾದರೆ ಮಂಜೂರಾತಿ ಪತ್ರ ಬೇಕು. ಜೂನ್, ಜುಲೈ ತಿಂಗಳ ದಾಖಲೆ ಮುಖ್ಯ, ಈಗಿನದೂ ಬೇಕು. ಸಾಲದ ಮಂಜೂರಾತಿಯ ಅವಧಿ ಮುಗಿದಿದ್ದರೆ ನವೀಕರಿಸಿಕೊಳ್ಳಿ. ‘ಮಳೆ ಮುಗಿಯಲಿ’ ಎಂಬ ಆ ಮೆಸೇಜು ನಿಮ್ಮ ಪಾಲಿಗೆ ತುಂಬಾ ಬೆಲೆಯುಳ್ಳದ್ದು. ನೀವು ಜೂನ್‌ನಲ್ಲೇ ಕೇಳಿದ್ದಿರಿ, ಮುಂದೂಡಿದವರು ಅವರು ಎಂಬುದನ್ನು ಅದು ತೋರಿಸುತ್ತದೆ. ಆ ಫೋನನ್ನು ಮಾರಬೇಡಿ, ಮೆಸೇಜುಗಳನ್ನು ಅಳಿಸಬೇಡಿ.

ನಂತರ ವಕೀಲರ ಮೂಲಕ ನೋಟಿಸ್ ಕೊಟ್ಟು ಒಂದು ದಿನಾಂಕ ಗೊತ್ತು ಮಾಡಿ: ಆ ದಿನ ಕುಮಟಾದ ಉಪ ನೋಂದಣಾಧಿಕಾರಿ ಕಚೇರಿಗೆ ಹಣದೊಂದಿಗೆ ಬರುತ್ತೇನೆ, ನೀವೂ ಬಂದು ಖರೀದಿ ಪತ್ರ ಮಾಡಿಕೊಡಿ ಎಂದು. ಅವರು ಬಾರದಿದ್ದರೂ ನೀವು ಹೋಗಿ, ಹೋದದ್ದಕ್ಕೆ ಗುರುತು ಉಳಿಯುವಂತೆ ನೋಡಿಕೊಳ್ಳಿ. ‘ವ್ಯವಹಾರ ಮುಗಿಯಿತು’ ಎಂಬ ಅವರ ಮೆಸೇಜಿಗೂ ಉತ್ತರಿಸದೆ ಬಿಡಬೇಡಿ. ದಾವೆಯಲ್ಲಿ ಆ ರದ್ದತಿ ಕಾನೂನಿಗೆ ವಿರುದ್ಧವೆಂದು ಘೋಷಿಸಿ ಎಂಬ ಬೇಡಿಕೆಯನ್ನೂ ಸೇರಿಸಿಕೊಳ್ಳುವುದು ಕ್ಷೇಮ. ಜೊತೆಗೆ, ದಾವೆ ತೀರುವವರೆಗೆ ಮಾರದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಬೇಕು. ದಾವೆ ನಡೆಯುತ್ತಿರುವಾಗ ಯಾರು ಕೊಂಡರೂ ಅದರ ತೀರ್ಪಿಗೆ ಅವರು ಬದ್ಧರು ಎಂಬ, ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಮಿನ ರಕ್ಷಣೆ ನಿಮಗೆ ದಾವೆ ಹೂಡಿದ ದಿನದಿಂದ ಸಿಗುತ್ತದೆ, ಅದಕ್ಕೆ ಮೊದಲಲ್ಲ. ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ತಡಮಾಡಬಾರದು ಎನ್ನುವುದು ಇದಕ್ಕೇ.

ಕಾನೂನಿನ ಹೊರ ಮಿತಿ ಮೂರು ವರ್ಷ. ನಿಮ್ಮ ಕರಾರಿನಲ್ಲಿ ದಿನಾಂಕ ಗೊತ್ತುಮಾಡಿರುವುದರಿಂದ ಎಣಿಕೆ ಆರಂಭವಾಗುವುದು ಆ ದಿನಾಂಕದಿಂದ, ಅವರು ಇಲ್ಲ ಎಂದ ದಿನದಿಂದಲ್ಲ. ಅಂದರೆ ಕೊನೆಯ ದಿನ 2028ರ ಜುಲೈ 9. ಮಳೆಯ ಹೆಸರಿನಲ್ಲಿ ಮುಂದೂಡಿದ್ದನ್ನು ಹೊಸ ದಿನಾಂಕ ಎಂದು ವಾದಿಸಬಹುದಾದರೂ ಅದನ್ನು ನೆಚ್ಚಬೇಡಿ. ಮೂರು ವರ್ಷ ಇದೆಯಲ್ಲ ಎಂದು ಕೊನೆಯ ತಿಂಗಳವರೆಗೆ ಕುಳಿತವರ ಸಿದ್ಧತೆಯನ್ನು ನ್ಯಾಯಾಲಯ ಸಂದೇಹದಿಂದಲೇ ನೋಡುತ್ತದೆ.

ಖರ್ಚಿನ ಮಾತನ್ನೂ ಹೇಳಬೇಕು. ನಿರ್ದಿಷ್ಟ ಪಾಲನೆಯ ದಾವೆಗೆ ನ್ಯಾಯಾಲಯ ಶುಲ್ಕವನ್ನು ಕರಾರಿನ ಪೂರ್ತಿ ಬೆಲೆಯ ಮೇಲೆ, ಅಂದರೆ 22 ಲಕ್ಷದ ಮೇಲೆ ಎಣಿಸುತ್ತಾರೆ. ಹಣ ವಾಪಸಿನ ದಾವೆಯಾದರೆ ಕೇಳುವ ಮೊತ್ತದ ಮೇಲೆ ಮಾತ್ರ. ಮೊದಲ ನ್ಯಾಯಾಲಯದಲ್ಲಿ ಗೆದ್ದರೂ ಮೇಲ್ಮನವಿ, ಅಲ್ಲಿಂದ ಧಾರವಾಡದ ಹೈಕೋರ್ಟ್ ಪೀಠ ಎಂದು ವರ್ಷಗಟ್ಟಲೆ ಎಳೆಯಬಹುದು. ಅಷ್ಟೂ ಕಾಲ 18 ಲಕ್ಷ ನಿಮ್ಮ ಕೈಗೆಟಕುವಂತೆ ಇರಬೇಕು. ಸಂಬಳದಾರರಿಗೆ ಇದು ಸಣ್ಣ ಮಾತಲ್ಲ.

ಇನ್ನೊಂದು ಸಂಗತಿಯನ್ನು ವಕೀಲರೂ ಕೆಲವೊಮ್ಮೆ ಮರೆಯುತ್ತಾರೆ. ಜಾಗ ಕೊಡಿಸಿ ಎಂದು ಕೇಳುವಾಗಲೇ, ಅದು ಸಾಧ್ಯವಾಗದಿದ್ದರೆ ಸಂಚಕಾರವನ್ನು ಬಡ್ಡಿ ಸಮೇತ ಕೊಡಿಸಿ ಎಂದು ದಾವಾಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಕೇಳದಿದ್ದರೆ ಕೊಡುವಂತಿಲ್ಲ ಎನ್ನುತ್ತದೆ ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೇ ಕಲಂ. ದಾವೆ ನಡೆಯುವಾಗ ತಿದ್ದುಪಡಿ ಮಾಡಿ ಸೇರಿಸಲು ಅವಕಾಶವಿದೆ. ಅದನ್ನೂ ಮಾಡದ ಕೊಳ್ಳುವವರೊಬ್ಬರಿಗೆ 2022ರಲ್ಲಿ ಸುಪ್ರೀಂ ಕೋರ್ಟ್ ಸಂಚಕಾರ ವಾಪಸು ಕೊಡಿಸಲು ನಿರಾಕರಿಸಿತು.

ಇನ್ನು ಹಣದ ದಾರಿ. ಎರಡು ಪಟ್ಟು ಕೊಡಬೇಕೆಂಬ ಕಾನೂನು ಎಲ್ಲಿಯೂ ಇಲ್ಲ. ಕೆಲವು ಕರಾರುಗಳಲ್ಲಿ ಹಾಗೆ ಬರೆದಿರುತ್ತಾರೆ, ಅದೇ ಜನರ ಬಾಯಲ್ಲಿ ಕಾನೂನಾಗಿದೆ. ಬರೆದಿದ್ದರೂ ಅಷ್ಟೂ ಸಿಗುತ್ತದೆಂಬ ಖಾತ್ರಿಯಿಲ್ಲ: ಕರಾರು ಕಾಯ್ದೆಯ 74ನೇ ಕಲಮಿನಂತೆ ಅದು ಗರಿಷ್ಠ ಮಿತಿ, ಅದರೊಳಗೆ ನ್ಯಾಯಾಲಯಕ್ಕೆ ಯುಕ್ತವೆಂದು ಕಂಡಷ್ಟು ಸಿಗುತ್ತದೆ. ಅಂಥ ಷರತ್ತು ಇದ್ದರೆ ಮಾರುವವರು ಎರಡು ಪಟ್ಟು ಎಸೆದು ಹೊರಟುಹೋಗಬಹುದು ಎಂಬುದೂ ಸಾಮಾನ್ಯವಾಗಿ ಸರಿಯಲ್ಲ. ಮಾತಿಗೆ ತಪ್ಪದಂತೆ ಬಿಗಿಮಾಡಲು ಬರೆದ ದಂಡದ ಷರತ್ತು ಜಾಗ ಕೇಳುವ ಹಕ್ಕಿಗೆ ಅಡ್ಡಬರುವುದಿಲ್ಲ. ಮಾರುವವರಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಹಕ್ಕನ್ನೇ ಕೊಟ್ಟಂತೆ ಬರೆದಿದ್ದರೆ ಮಾತ್ರ ಬೇರೆ. ನಿಮ್ಮ ಕರಾರಿನಲ್ಲಿ ಏನು ಬರೆದಿದೆ ನೋಡಿ.

ಷರತ್ತು ಇಲ್ಲದಿದ್ದರೂ ನಿಮ್ಮ ಕೈ ಬರಿದಲ್ಲ. ತಪ್ಪು ಮಾರುವವರದಾಗಿದ್ದಾಗ ಸಂಚಕಾರವನ್ನು ಮುಟ್ಟುಗೋಲು ಹಾಕಿಕೊಳ್ಳುವ ಪ್ರಶ್ನೆಯೇ ಇಲ್ಲ. ಅದು ವಾಪಸು ಬರಲೇಬೇಕು. ಅಷ್ಟೇ ಅಲ್ಲ, ಕೊಳ್ಳುವವರು ಮುಂಚಿತವಾಗಿ ಕೊಟ್ಟ ಹಣಕ್ಕೂ ಅದರ ಬಡ್ಡಿಗೂ ಆ ಆಸ್ತಿಯ ಮೇಲೆಯೇ ಹೊಣೆ ಕೂರುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ತಾನಾಗಿಯೇ ಇದನ್ನು ಕೊಡುತ್ತದೆ, ಕರಾರಿನಲ್ಲಿ ಬರೆದಿರಬೇಕಾಗಿಲ್ಲ. ಸಾಮಾನ್ಯ ಹಣ ವಸೂಲಿಯ ದಾವೆಗೆ ಮೂರು ವರ್ಷದ ಮಿತಿಯಾದರೆ, ಆಸ್ತಿಯ ಮೇಲಿನ ಈ ಹೊಣೆಯನ್ನು ಆಧರಿಸಿ ಹೂಡುವ ದಾವೆಗೆ ಹನ್ನೆರಡು ವರ್ಷ. ಆದರೆ ಸರಿಯಾದ ಕಾರಣವಿಲ್ಲದೆ ನೀವೇ ಖರೀದಿಯಿಂದ ಹಿಂದೆ ಸರಿದಿರಿ ಎಂದಾದರೆ ಈ ಹಕ್ಕು ಹೋಗುತ್ತದೆ. ನೋಟಿಸಿನಲ್ಲಿ ‘ನನಗೆ ಜಾಗ ಬೇಡ’ ಎಂದು ಸಿಟ್ಟಿನಲ್ಲಿ ಬರೆಯಬೇಡಿ. ‘ನೀವು ತಪ್ಪಿದ್ದರಿಂದ ಹಣ ಕೇಳುತ್ತಿದ್ದೇನೆ’ ಎಂಬ ಅರ್ಥ ಬರುವಂತೆ ಬರೆಸಿ.

ನಗದು ಕೊಟ್ಟ 1 ಲಕ್ಷಕ್ಕೆ ದಾಖಲೆ ಇಲ್ಲ ಎನ್ನುವುದು ಸುಳ್ಳು. 4 ಲಕ್ಷ ಮುಟ್ಟಿದೆ ಎಂದು ಸಹಿ ಮಾಡಿದ ಕರಾರೇ ದಾಖಲೆ. ಆ ದಿನಗಳಲ್ಲಿ ನೀವು ಬ್ಯಾಂಕಿನಿಂದ ಹಣ ತೆಗೆದದ್ದು ಕಂಡರೆ, ಸಾಕ್ಷಿ ಹಾಕಿದವರು ನಿಂತರೆ ಇನ್ನೂ ಗಟ್ಟಿ. ಇದರಲ್ಲಿ ತೆರಿಗೆಯ ಎಳೆಯೊಂದಿದೆ. 2015ರ ಜೂನ್ 1ರಿಂದ ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವಂತಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅಂದರೆ ಇಲ್ಲಿ ಅಂಜಬೇಕಾದವರು ಅವರು. ಅದೇ ನಿಯಮ ವಾಪಸು ಕೊಡುವಾಗಲೂ ಅನ್ವಯಿಸುವುದರಿಂದ ನಿಮ್ಮ ಹಣವನ್ನು ಬ್ಯಾಂಕ್ ಮೂಲಕವೇ ಕೇಳಿ. ಆಸ್ತಿ ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚಿನ ನಗದು ಕೊಟ್ಟೆನೆಂದು ದಾವೆಯಲ್ಲಿ ಹೇಳಿದರೆ ನ್ಯಾಯಾಲಯ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕೆಂದು 2025ರ ಏಪ್ರಿಲ್‌ನಲ್ಲಿ, ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮದು 1 ಲಕ್ಷವಾದ್ದರಿಂದ ಆ ಮಾತು ನಿಮ್ಮವರೆಗೆ ಬರುವುದಿಲ್ಲ.

ಬಡ್ಡಿಯ ಮೇಲೆ ನಷ್ಟವನ್ನೂ ಕೇಳಬಹುದು. ಕೇಳಲು ಸುಲಭವಾದದ್ದು ರಸೀದಿ ಇರುವ ನಷ್ಟ: ಸಾಲದ ಸಂಸ್ಕರಣಾ ಶುಲ್ಕ, ವಕೀಲರಿಂದ ದಾಖಲೆ ಪರಿಶೀಲನೆ ಮಾಡಿಸಿದ್ದು, ಇಂಥವು. ಅವರು ಜುಲೈನಲ್ಲೇ ಪತ್ರ ಮಾಡಿಕೊಟ್ಟಿದ್ದರೆ ನೋಂದಣಿ ಶುಲ್ಕ ಶೇಕಡಾ 1ರಂತೆ 22,000 ಆಗುತ್ತಿತ್ತು. 2025ರ ಆಗಸ್ಟ್ 31ರಿಂದ ಅದು ಶೇಕಡಾ 2 ಆಗಿದೆ. ಮುಂದೆ ಖರೀದಿ ಪತ್ರವೇ ಆದರೂ ಹೆಚ್ಚಿಗೆ ಬೀಳುವ 22,000ವನ್ನು ಅವರೇ ಹೊರಬೇಕೆಂದು ಕೇಳಲು ನಿಮಗೆ ನ್ಯಾಯವಾದ ಕಾರಣವಿದೆ.

ದೊಡ್ಡ ನಷ್ಟ 22 ಲಕ್ಷಕ್ಕೂ 30 ಲಕ್ಷಕ್ಕೂ ನಡುವಿನದು. ಮಾರುವವರು ತಪ್ಪಿದ ದಿನ ಮಾರುಕಟ್ಟೆಯಲ್ಲಿ ಆ ಜಾಗದ ಬೆಲೆ ಎಷ್ಟಿತ್ತೋ ಅದಕ್ಕೂ ಕರಾರಿನ ಬೆಲೆಗೂ ಇರುವ ವ್ಯತ್ಯಾಸವನ್ನು ಪರಿಹಾರವಾಗಿ ಕೇಳುವ ಹಕ್ಕು ನಿಮಗಿದೆ. ಕಷ್ಟ ಇರುವುದು ರುಜುವಾತಿನಲ್ಲಿ. ದಲ್ಲಾಳಿಯ ಮಾತು ಸಾಲದು. ಸುತ್ತಲಿನ ಜಾಗಗಳ ಅದೇ ಕಾಲದ ನೋಂದಾಯಿತ ಖರೀದಿ ಪತ್ರಗಳನ್ನು ತೋರಿಸಬೇಕು. ನಮ್ಮಲ್ಲಿ ನಿಜವಾದ ಬೆಲೆಯನ್ನು ಬರೆಯದೆ ಸರ್ಕಾರದ ಮಾರ್ಗಸೂಚಿ ದರವನ್ನಷ್ಟೇ ಪತ್ರದಲ್ಲಿ ನಮೂದಿಸುವ ಚಾಳಿ ಎಷ್ಟು ಬೇರೂರಿದೆಯೆಂದರೆ, ಗೋಕರ್ಣದಲ್ಲಿ ಬೆಲೆ ಏರಿದ್ದು ಊರಿಗೆಲ್ಲ ಗೊತ್ತಿದ್ದರೂ ಅದನ್ನು ತೋರಿಸುವ ಕಾಗದ ಸಿಗುವುದಿಲ್ಲ. 30 ಲಕ್ಷದ ಗಿರಾಕಿ ನಿಜವಾಗಿ ಕೊಂಡರೆ, ಆ ಪತ್ರದಲ್ಲಿ ಬರೆದ ಬೆಲೆ ನಿಮ್ಮ ಅತ್ಯುತ್ತಮ ಪುರಾವೆಯಾಗುತ್ತದೆ.

ಪೊಲೀಸ್ ದೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರಾರಿಗೆ ತಪ್ಪಿದ್ದೆಲ್ಲ ವಂಚನೆಯಲ್ಲ. ಹಣ ಪಡೆಯುವಾಗಲೇ ಮೋಸದ ಉದ್ದೇಶವಿತ್ತೆಂದು ತೋರಿದರೆ ಮಾತ್ರ ಅದು ಅಪರಾಧ. ಆಗಲೇ ಇನ್ನೊಬ್ಬರೊಂದಿಗೆ ಕರಾರಾಗಿದ್ದನ್ನು ಮುಚ್ಚಿಟ್ಟಿದ್ದರು ಎಂಬಂಥ ಸಂಗತಿ ಹೊರಬಂದರೆ ದೂರು ಕೊಡಿ. ಬರೀ ಬೆಲೆಯ ಆಸೆಗೆ ಹಿಂದೆ ಸರಿದವರ ಮೇಲೆ ಠಾಣೆಯಿಂದ ಒತ್ತಡ ಹಾಕಿಸುವ ಪ್ರಯತ್ನ ಸಮಯವನ್ನು ತಿನ್ನುತ್ತದೆ, ರಾಜಿಯ ಬಾಗಿಲನ್ನೂ ಮುಚ್ಚುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಮ್ಯುಟೇಶನ್ ನಕಲು ತರಿಸಿ ತಂಗಿಯ ಪಾಲು ನಿಜವೋ ಅಲ್ಲವೋ ನೋಡುತ್ತಿದ್ದೆ. ನಿಜವಲ್ಲದಿದ್ದರೆ 3 ಲಕ್ಷ ಮರಳಿಸಿ, ನೋಟಿಸ್ ಕೊಟ್ಟು, ತಡವಿಲ್ಲದೆ ದಾವೆ ಹೂಡುತ್ತಿದ್ದೆ. ನಿಜವಾಗಿದ್ದರೆ ಆ ಮುಂಬೈಯ ತಂಗಿಯೊಂದಿಗೆ ನೇರವಾಗಿ ಒಮ್ಮೆ ಮಾತನಾಡುತ್ತಿದ್ದೆ. ಕರಾರಾಗಿದೆ ಎಂಬುದೇ ಆಕೆಗೆ ತಿಳಿಯದಿರಬಹುದು. ತನ್ನ ಪಾಲಿನ ಹಣ ಅಣ್ಣನಿಂದ ಸಿಗುತ್ತದೋ ಇಲ್ಲವೋ ಎಂಬ ಅಳುಕೇ ಆಕೆಯ ವಿರೋಧದ ಕಾರಣವಾಗಿರಬಹುದು. ಬೆಲೆಯ ಅರ್ಧವನ್ನು ಆಕೆಯ ಖಾತೆಗೇ ಹಾಕುವುದೆಂದು ಬರೆದರೆ ಒಪ್ಪುವವರಿದ್ದಾರೆ. ಒಪ್ಪಿದರೆ ಇಬ್ಬರೂ ಸಹಿ ಮಾಡುವ ಹೊಸ ಕರಾರನ್ನು, ಈ ಸಲ ನೋಂದಣಿ ಮಾಡಿಸಿಯೇ, ಹೊಸ ದಿನಾಂಕದೊಂದಿಗೆ ಮಾಡಿಕೊಳ್ಳಿ. ಬೆಲೆಯನ್ನು ಸ್ವಲ್ಪ ಏರಿಸಬೇಕಾಗಿ ಬಂದರೂ, ದಾವೆಯ ಖರ್ಚು ಮತ್ತು ಕಾಲವನ್ನು ಪಕ್ಕದಲ್ಲಿಟ್ಟು ತೂಗಿ ನೋಡಿ.

ಆಕೆ ಒಪ್ಪದಿದ್ದರೆ ಹಣದ ದಾರಿಯೇ ಸರಿ. ಬಾಕಿ 1 ಲಕ್ಷ, 4 ಲಕ್ಷಕ್ಕೆ ಅದು ಅವರಲ್ಲಿದ್ದ ಅವಧಿಯ ಬಡ್ಡಿ, ರಸೀದಿ ಇರುವ ಖರ್ಚು, ಅದರ ಮೇಲೆ ಮಾತಿಗೆ ತಪ್ಪಿದ್ದಕ್ಕಾಗಿ ಒಂದು ಮೊತ್ತ, ಇಷ್ಟನ್ನು ಕೇಳಿ. 30 ಲಕ್ಷದ ಗಿರಾಕಿ ಕಾಯುತ್ತಿರುವಾಗ ಮಾರುವವರಿಗೂ ನಿಮ್ಮ ಕರಾರಿನ ತೊಡಕು ಬಿಡಿಸಿಕೊಳ್ಳುವ ಅವಸರವಿರುತ್ತದೆ, ಮಾತುಕತೆಯಲ್ಲಿ ನಿಮ್ಮ ಬಲ ಅದೇ. ಮಾತುಕತೆ ಫಲಿಸದೆ ದಾವೆ ಹೂಡಿದ ಮೇಲೂ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸು ಸಿಗುತ್ತದೆ.

ರಾಜಿಯಾದರೆ ಕರಾರು ರದ್ದು ಪತ್ರ ಬರೆಯುತ್ತಾರೆ. ಅದಕ್ಕೆ ಸಹಿ ಹಾಕುವುದಾಗಲಿ, ಮೂಲ ಕರಾರನ್ನು ಕೈಬಿಡುವುದಾಗಲಿ, ಅಷ್ಟೂ ಹಣ ನಿಮ್ಮ ಖಾತೆಗೆ ಜಮಾ ಆದ ಮೇಲೆಯೇ. ಮುಂದಿನ ತಾರೀಖಿನ ಚೆಕ್ ಕೊಡುತ್ತೇನೆ ಎಂದರೆ ಚೆಕ್ ನಗದಾಗುವವರೆಗೆ ಮೂಲ ಕರಾರು ನಿಮ್ಮ ವಕೀಲರ ಬಳಿಯೇ ಇರಲಿ. ರದ್ದು ಪತ್ರದಲ್ಲಿ ಎಷ್ಟು ಹಣ, ಯಾವ ದಿನ, ಯಾವ ಖಾತೆಗೆ ಬಂತು ಎಂಬುದನ್ನು ಬರೆಸಿ, ಅದರ ಒಂದು ಪ್ರತಿಯನ್ನು ಇಬ್ಬರ ಸಹಿಯೊಂದಿಗೆ ನೀವೂ ಇಟ್ಟುಕೊಳ್ಳಿ.